ಗೆದ್ದ ಹಣ ಯಾರ ಪೆಟ್ಟಿಗೆಗೆ?

ಟೊರಾಂಟೊ ಕನ್‌ಸ್ಟ್ರಕ್ಷನ್ ಕಂಪನಿಗೆ ನಾಲ್ವರು ಷೇರುದಾರರು, ತಲೆಗೆ ಕಾಲು ಪಾಲು. ಕೆನಡಿಯನ್ ಪೆಸಿಫಿಕ್ ರೈಲ್ವೆಯ ಗುತ್ತಿಗೆಗಳನ್ನು ಚೆನ್ನಾಗಿ ಮುಗಿಸಿಕೊಟ್ಟು ಕಂಪನಿ ಹೆಸರು ಗಳಿಸಿತ್ತು. ಬರಬರುತ್ತಾ ಮೂವರಿಗೆ ನಾಲ್ಕನೆಯವನಾದ ಕುಕ್ ಬೇಡವಾದ. ಮುಂದಿನ ಗುತ್ತಿಗೆಯ ಮಾತುಕತೆಯನ್ನು ಕಂಪನಿಯ ನಿರ್ದೇಶಕರಾಗಿದ್ದ ಆ ಮೂವರು ಎಂದಿನಂತೆಯೇ ನಡೆಸಿದರು. ಕೊನೆಗೆ ಮಾತ್ರ ಅದನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. ಆಮೇಲೆ ಷೇರುದಾರರ ಸಭೆಯಲ್ಲಿ, ಈ ಗುತ್ತಿಗೆಯಲ್ಲಿ ಕಂಪನಿಗೆ ಯಾವ ಹಕ್ಕೂ ಇಲ್ಲವೆಂದು ತಮ್ಮ ಮುಕ್ಕಾಲು ಮತಗಳಿಂದಲೇ ನಿರ್ಣಯ ಮಾಡಿಸಿದರು. ಕದ್ದವರೇ ಪಂಚಾಯಿತಿ ಕಟ್ಟೆಯ ಮೇಲೂ ಕೂತಂತಾಯಿತು.

ಕುಕ್ ಕೋರ್ಟಿಗೆ ಹೋದ. ಆದರೆ ಕೈತಪ್ಪಿದ ಗುತ್ತಿಗೆ ಅವನದಾಗಿರಲಿಲ್ಲ, ಕಂಪನಿಯದು. ಕಂಪನಿಗಾದ ಅನ್ಯಾಯಕ್ಕೆ ಕಂಪನಿಯೇ ವಾದಿಯಾಗಬೇಕು ಎಂಬುದು 1843ರ ಫಾಸ್-ಹಾರ್ಬಾಟಲ್ ತೀರ್ಪಿನಿಂದ ಬಂದ ಇಂಗ್ಲಿಷ್ ನಿಯಮ. ಹಾಗಾದರೆ ದಾವೆ ಹೂಡಲು ತೀರ್ಮಾನಿಸುವವರು ಯಾರು? ಅದೇ ಮೂವರು! ಹೀಗೆ ತಪ್ಪು ಮಾಡಿದವರ ಕೈಯಲ್ಲೇ ಕಂಪನಿಯ ಬಾಯಿ ಇದ್ದಾಗ, ಷೇರುದಾರನೊಬ್ಬ ಅದರ ಪರವಾಗಿ ಮಾತಾಡಬಹುದು. ಇದೇ ಡಿರಿವೇಟಿವ್ ಆಕ್ಷನ್. ದಾವೆ ಕಂಪನಿಗಾಗಿಯೇ ಆದರೂ ಕಡತದಲ್ಲಿ ಕಂಪನಿ ಪ್ರತಿವಾದಿಗಳ ಸಾಲಿನಲ್ಲಿರುತ್ತದೆ. ತೀರ್ಪು ಅದನ್ನೂ ಕಟ್ಟಿಹಾಕಬೇಕಲ್ಲ.

1916ರಲ್ಲಿ ಪ್ರಿವಿ ಕೌನ್ಸಿಲ್ ಕುಕ್‌ನ ಪರವಾಗಿ ಹೇಳಿತು: ಗುತ್ತಿಗೆಯ ಲಾಭ ನ್ಯಾಯವಾಗಿ ಕಂಪನಿಯದು; ಕಂಪನಿಯ ಸ್ವತ್ತನ್ನು ಬಹುಮತದವರು ತಮಗೆ ತಾವೇ ದಾನ ಮಾಡಿಕೊಳ್ಳುವಂತಿಲ್ಲ.

ನನ್ನನ್ನು ಕಾಡುವುದು ಇದರ ನಂತರದ ಲೆಕ್ಕ. ಲಾಭ ಒಂದು ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಅದು ಕಂಪನಿಯ ಪೆಟ್ಟಿಗೆಗೆ ಮರಳಿದರೆ, ಷೇರಿನ ಲೆಕ್ಕದಲ್ಲಿ ಎಪ್ಪತ್ತೈದು ಸಾವಿರದ ಬೆಲೆ ಮತ್ತೆ ಆ ಮೂವರದೇ. ಹೋರಾಡಿದವನಿಗೆ ಕಾಲು, ಕದ್ದವರಿಗೆ ಮುಕ್ಕಾಲು. ಕುಕ್‌ನ ಇಪ್ಪತ್ತೈದು ಸಾವಿರವನ್ನು ನೇರವಾಗಿ ಅವನ ಕೈಗೇ ಕೊಟ್ಟುಬಿಡಬಹುದಿತ್ತಲ್ಲ?

ಆದರೆ ಕಂಪನಿಗೆ ನಲವತ್ತು ಸಾವಿರ ಸಾಲವಿದ್ದು, ಬೇರೇನೂ ಆಸ್ತಿ ಇಲ್ಲದಿದ್ದರೆ? ಸಾಮಾನು ಕೊಟ್ಟ ವ್ಯಾಪಾರಿ, ಕೂಲಿ ಬಾಕಿ ಇರುವ ಕೆಲಸಗಾರ ಯಾರೂ ಷೇರುದಾರರಲ್ಲ. ಆದರೂ ಆ ಹಣದ ಮೇಲೆ ಮೊದಲ ಹಕ್ಕು ಅವರದು. ಸಾಲ ತೀರಿ ಉಳಿದ ಅರವತ್ತು ಸಾವಿರದಲ್ಲಿ ಕುಕ್‌ನ ಪಾಲು ಹದಿನೈದೇ ಸಾವಿರ. ಇಪ್ಪತ್ತೈದನ್ನು ಕೈಗೆ ಕೊಟ್ಟರೆ ಅವನೂ ಕಂಪನಿಯ ಪೆಟ್ಟಿಗೆಗೆ ಕೈ ಹಾಕಿದಂತೆಯೇ, ಕೋರ್ಟಿನ ಅಪ್ಪಣೆಯೊಂದಿಗೆ. ಆ ಮೂವರ ಪಾಲೂ ಕಂಪನಿಯ ಮೂಲಕ ಬಂದಾಗ ಬರಿಯ ಕೊಳ್ಳೆಯಾಗಿ ಉಳಿಯುವುದಿಲ್ಲ. ಸಾಲದ ಹಿಂದೆ, ಕುಕ್‌ನ ಪಕ್ಕದಲ್ಲಿ, ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಆದರೂ ಪರರ ಹಣಕ್ಕಾಗಿ ತನ್ನ ಹಣ ಸುಟ್ಟುಕೊಳ್ಳುವವರು ಎಷ್ಟು ಜನ? ಈ ಕಷ್ಟ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ 1975ರಲ್ಲಿ, ವಾಲರ್‌ಸ್ಟೈನರ್-ಮೊಯಿರ್ ಮೊಕದ್ದಮೆಯಲ್ಲಿ ಮನದಟ್ಟಾಯಿತು. ದಾವೆಗೆ ತಕ್ಕ ಕಾರಣವಿದ್ದರೆ, ಷೇರುದಾರನ ಖರ್ಚನ್ನು ಕಂಪನಿಯೇ ಭರಿಸುವಂತೆ ಆದೇಶಿಸಬಹುದು, ಅವನು ಸೋತರೂ ಸರಿಯೇ, ಎಂದಿತು ಅದು.