ಬಾರದವರ ಪಾಲು

ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಊರುಗಳಲ್ಲಿ ತಮಟೆ ಹೊಡೆದು ಮಾರಿಹಬ್ಬ ಸಾರಿದ ಮೇಲೆ ಮನೆಮನೆಯಲ್ಲೂ ಎಣಿಕೆ ಶುರುವಾಗುತ್ತದೆ. ಮೈಸೂರಿನಿಂದ ಮಗಳು, ಅಳಿಯ, ಎರಡು ಮಕ್ಕಳು. ನಂಜನಗೂಡಿನಿಂದ ಸೋದರಮಾವನ ಮನೆಯವರು. ಗಂಡನ ಜೊತೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗೆಳೆಯ. ಬೆಂಗಳೂರಿನ ನಾದಿನಿ ಬಂದರೆ ಅವಳ ಅತ್ತೆಯೂ ಬರಬಹುದು. ಈ ಎಣಿಕೆಯ ಮೇಲೆಯೇ ತಂಬಿಟ್ಟಿಗೆ ಎಷ್ಟು ಅಕ್ಕಿ ನೆನೆಹಾಕಬೇಕು, ರಾಗಿ ಎಷ್ಟು ಬೀಸಿಸಬೇಕು, ಚಾಪೆ-ಹೊದಿಕೆ ಯಾರ ಮನೆಯಿಂದ ತರಬೇಕು ಎಂಬುದೆಲ್ಲ ನಿಂತಿರುತ್ತದೆ. ಮೊದಲ ದಿನ ತಂಬಿಟ್ಟಿನ ಆರತಿ. ಮಾರನೆಯ ದಿನ ಬಾಡೂಟ. ಬಾಡೂಟಕ್ಕೆ ನಾಲ್ಕಾರು ಮನೆಯವರು ಕೂಡಿ ಮರಿ ಕೊಂಡು, ಕೊಯ್ದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು ಹಳೆಯ ರೂಢಿ. ಯಾವ ಮನೆಗೆ ಎಷ್ಟು ಗುಡ್ಡೆ ಎಂಬುದನ್ನು ಮೊದಲೇ ಹೇಳಿರಬೇಕು. ಒಮ್ಮೆ ಹೇಳಿದ ಮೇಲೆ ಬದಲಾಯಿಸುವುದು ಕಷ್ಟ, ಯಾಕೆಂದರೆ ನೀವು ಬಿಟ್ಟ ಗುಡ್ಡೆಯನ್ನು ಇನ್ನೊಬ್ಬರು ಹೊರಬೇಕಾಗುತ್ತದೆ.

ಹಬ್ಬಕ್ಕೆ ಕರೆಯುವುದು ಎಂದರೆ ಏನು ಎಂಬ ಪ್ರಶ್ನೆಗೆ ಉತ್ತರ ಈ ಎಣಿಕೆಯಲ್ಲಿದೆ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಬನ್ನಿ ಎಂದು ಕರೆಯುವವಳು ನಮ್ಮ ಮೈ ಅಲ್ಲಿಗೆ ಬಂದು ಕೂರಲಿ ಎಂದಷ್ಟೇ ಕೇಳುತ್ತಿಲ್ಲ. ಅವಳು ತನ್ನವರನ್ನು ಎಣಿಸುತ್ತಿದ್ದಾಳೆ, ಆ ಎಣಿಕೆಯಲ್ಲಿ ನಮ್ಮ ಹೆಸರೂ ಇದೆ ಎಂದು ತಿಳಿಸುತ್ತಿದ್ದಾಳೆ. ಆದ್ದರಿಂದ ನಾವು ಕೊಡುವ ಉತ್ತರವೂ ಎರಡು ಮಾತಿಗೆ ಉತ್ತರವಾಗಬೇಕು. ಬರುತ್ತೇವೆಯೋ ಇಲ್ಲವೋ ಎಂಬುದು ಒಂದು. ನಿಮ್ಮವರಲ್ಲಿ ನಾವೂ ಸೇರಿದ್ದೇವೆಯೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಎಂದು, ಎರಡನೆಯದಕ್ಕೆ ಹೌದು ಎಂದು ಒಂದೇ ಉಸಿರಿನಲ್ಲಿ ಹೇಳಲು ಬರುವವರನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತೇವೆ. ಮನಸ್ಸು ನೋಯಿಸಬಾರದು ಎಂದುಕೊಂಡು ‘ನೋಡಾಣ’, ‘ಬರಕ್ಕೆ ಪ್ರಯತ್ನ ಮಾಡ್ತೀವಿ’, ‘ಇವರಿಗೆ ರಜ ಸಿಕ್ಕಿದ್ರೆ ಖಂಡಿತ’ ಎನ್ನುತ್ತೇವೆ. ಹೇಳುವವರಿಗೆ ಅದು ಮೆತ್ತಗಿನ ನಿರಾಕರಣೆ. ಕೇಳಿಸಿಕೊಂಡ ಹಳ್ಳಿಯ ಹೆಂಗಸಿಗೆ ಅದು ಒಪ್ಪಿಗೆ. ಅವಳು ನಾಲ್ಕು ಜನರನ್ನು ಲೆಕ್ಕಕ್ಕೆ ಸೇರಿಸಿಕೊಂಡು ಒಂದು ಗುಡ್ಡೆ ಹೆಚ್ಚಿಗೆ ಹೇಳುತ್ತಾಳೆ. ಹಬ್ಬದ ದಿನ ಮಧ್ಯಾಹ್ನದವರೆಗೆ ಬಸ್ಸಿನ ಹಾದಿ ನೋಡುತ್ತಾಳೆ. ಮಿಕ್ಕ ನೆಂಟರಿಗೆ ಬಡಿಸುವುದನ್ನು ಸ್ವಲ್ಪ ತಡೆಯುತ್ತಾಳೆ. ಎರಡು ಗಂಟೆಯ ಹೊತ್ತಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ‘ಆಗಲೇ ಇಲ್ಲ ಕನತ್ತಿಗೆ’ ಎಂಬ ಮಾತು ಅವಳಿಗೆ ಏನು ಹೇಳುತ್ತದೆ? ಬರಲಿಲ್ಲ ಎಂಬುದನ್ನು ಅವಳು ಸಹಿಸುತ್ತಾಳೆ. ನನ್ನ ಎಣಿಕೆಗೆ ಇವರು ಬೆಲೆ ಕೊಡಲಿಲ್ಲ ಎಂಬುದು ಉಳಿದುಬಿಡುತ್ತದೆ. ಮುಂದಿನ ವರ್ಷ ಅವಳು ಕರೆಯುತ್ತಾಳೆ, ಆದರೆ ಎಣಿಸುವುದಿಲ್ಲ. ಮುರಿದದ್ದು ಗೊತ್ತಾಗುವುದು ಹಾಗೆ. ‘ಬರದಾದ್ರೆ ಬನ್ನಿ’ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ ಆ ಮನೆಯ ಪಟ್ಟಿಯಿಂದ ನಮ್ಮ ಹೆಸರು ಜಾರಿದೆ ಎಂದೇ ಅರ್ಥ.

ಹಾಗಾದರೆ ಬೆಂಗಳೂರಿನ ನಾದಿನಿ ಏನು ಮಾಡಬೇಕು? ಮಗನಿಗೆ ಪರೀಕ್ಷೆ ಇದೆ, ಬರಲಾಗುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿದೆ ಎಂದಿಟ್ಟುಕೊಳ್ಳೋಣ. ಮೊದಲನೆಯದಾಗಿ, ಗುಡ್ಡೆಯ ಲೆಕ್ಕ ಮುಗಿಯುವ ಮೊದಲೇ ಅವಳ ಫೋನ್ ಹೋಗಬೇಕು. ಅಣ್ಣನಿಗೆ ಹೇಳಿ ‘ಅತ್ತಿಗೆಗೂ ತಿಳಿಸಿಬುಡು’ ಎಂದರೆ ಸಾಲದು. ಅಡುಗೆ ಮಾಡುವವಳು, ಎಣಿಸುವವಳು ಅತ್ತಿಗೆ. ಮಾತು ನೇರ ಅವಳಿಗೇ ಸಲ್ಲಬೇಕು. ಮಾತು ಹೀಗಿದ್ದರೆ ಸಾಕು: ‘ಅತ್ತಿಗೆ, ಈ ಸಲ ಹಬ್ಬಕ್ಕೆ ಬರಕ್ಕಾಗಲ್ಲ ಕನತ್ತಿಗೆ. ಹಬ್ಬದ ಮಾರನೇ ದಿನವೇ ಇವನಿಗೆ ಪರೀಕ್ಷೆ. ನಮ್ಮನ್ನ ಲೆಕ್ಕಕ್ಕೆ ಹಿಡೀಬೇಡಿ. ಊರಮ್ಮನಿಗೆ ನಮ್ಮ ಹೆಸರಲ್ಲಿ ಒಂದು ಹಣ್ಣುಕಾಯಿ ಮಾಡಿಸಿ. ದುಡ್ಡು ಅಣ್ಣನ ಫೋನಿಗೆ ಹಾಕಿದೀನಿ. ತಂಬಿಟ್ಟು ಮಾತ್ರ ಒಂದೆರಡು ಉಂಡೆ ಎತ್ತಿಟ್ಟಿರಿ, ಪರೀಕ್ಷೆ ಮುಗಿದ ಭಾನುವಾರ ಬಂದು ತಗೋತೀನಿ.’

ಇಷ್ಟರಲ್ಲಿ ಕಾರಣ ಒಂದೇ ಇದೆ ಎಂಬುದನ್ನು ಗಮನಿಸಬೇಕು. ಪರೀಕ್ಷೆ ಎಂದು ಹೇಳಿ, ಅದರ ಮೇಲೆ ಅತ್ತೆಗೆ ಮಂಡಿನೋವು, ಇವರಿಗೆ ಆಫೀಸು, ಬಸ್ಸಲ್ಲಿ ಜನ ಎಂದು ಸೇರಿಸುತ್ತ ಹೋದರೆ ಒಂದೊಂದು ಕಾರಣವೂ ಹಿಂದಿನದನ್ನು ಸಡಿಲ ಮಾಡುತ್ತದೆ. ಕೇಳುವವರು ಒಂದೊಂದಕ್ಕೂ ಪರಿಹಾರ ಹೇಳತೊಡಗುತ್ತಾರೆ: ಅತ್ತೆಯನ್ನು ಬಿಟ್ಟು ನೀನೊಬ್ಬಳೇ ಬಾ, ಕಾರು ಮಾಡಿಕೊಂಡು ಬಾ. ಆಗ ಉಳಿಯುವುದು ವಾದ. ಇನ್ನು ಆ ತಂಬಿಟ್ಟಿನ ಮಾತು. ಬರಲಾಗದವರು ಏನನ್ನಾದರೂ ಕಳಿಸುವುದು ಎಲ್ಲರಿಗೂ ಹೊಳೆಯುತ್ತದೆ, ಏನನ್ನಾದರೂ ಕೇಳುವುದು ಹೊಳೆಯುವುದಿಲ್ಲ. ಆದರೆ ಕೇಳುವುದರಲ್ಲಿಯೇ ಹೆಚ್ಚಿನ ಗೌರವವಿದೆ. ಹಕ್ಕಿದ್ದವರು ಮಾತ್ರ ನನ್ನ ಪಾಲು ಎತ್ತಿಡಿ ಎನ್ನಬಲ್ಲರು. ಬರೀ ದುಡ್ಡು ಹಾಕಿ, ಯಾವುದೋ ದೇವಿಯ ಚಿತ್ರದ ಮೇಲೆ ಹಬ್ಬದ ಶುಭಾಶಯ ಬರೆದ ವಾಟ್ಸಾಪ್ ಸಂದೇಶ ದಾಟಿಸಿದರೆ ಅದು ನೂರು ಮನೆಗೂ ಹೊಂದುತ್ತದೆ, ಆದ್ದರಿಂದ ಆ ಒಂದು ಮನೆಗೆ ತಟ್ಟುವುದಿಲ್ಲ. ಹಾಗೆಯೇ ಬರುತ್ತೇನೆಂದ ಆ ಭಾನುವಾರ ನಿಜವಾಗಿಯೂ ಬರಬೇಕು. ಬಾರದಿದ್ದರೆ ಇಷ್ಟು ಹೊತ್ತು ಆಡಿದ ಒಳ್ಳೆಯ ಮಾತೆಲ್ಲ ‘ನೋಡಾಣ’ ಎಂಬುದರ ಸಾಲಿಗೇ ಸೇರುತ್ತದೆ.

ಎಲ್ಲ ಕರೆಗಳೂ ಒಂದೇ ತೂಕದವಲ್ಲ. ಮಾರಿಹಬ್ಬ ಮತ್ತೆ ಬರುತ್ತದೆ. ಕೆಲವು ಕರೆಗಳು ಒಮ್ಮೆ ಮಾತ್ರ. ಚಾಮರಾಜನಗರದ ಚಾಮರಾಜೇಶ್ವರನ ತೇರು ಆಷಾಢದಲ್ಲಿ ನಡೆಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿಸಿದ ದೇವಾಲಯ ಅದು. ಅರಿಕುಠಾರ ಎಂದಿದ್ದ ಊರಿಗೆ ಈಗಿನ ಹೆಸರು ಬಂದದ್ದೂ ಹಾಗೆಯೇ. ಬೇರೆ ಕಡೆ ಆಷಾಢದಲ್ಲಿ ಹೊಸ ಮದುಮಕ್ಕಳನ್ನು ಬೇರೆಬೇರೆ ಇರಿಸಿದರೆ, ಇಲ್ಲಿ ಅವರು ಜೊತೆಯಾಗಿ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದ ಮೇಲೆ, ಹೊಸ ತೇರು ಹೊರಟದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಮದುವೆಯಾದ ಜೋಡಿಗಳಿಗೆ ಆ ಎಸೆತ ಸಿಗಲೇ ಇಲ್ಲ. ಆದ್ದರಿಂದ ಈ ಊರಿನ ತಾಯಿ ಮದುವೆಯಾದ ಮೊದಲ ಆಷಾಢಕ್ಕೆ ಮಗಳು-ಅಳಿಯನನ್ನು ಕರೆದರೆ, ‘ಮುಂದಿನ ವರ್ಷ ಬರ್ತೀವಿ ಬುಡವ್ವ’ ಎಂಬ ಉತ್ತರ ಅವಳಿಗೆ ಹಿಡಿಸುವುದಿಲ್ಲ. ಮುಂದಿನ ವರ್ಷ ಅವರು ಹೊಸಬರಾಗಿರುವುದಿಲ್ಲ.

ಇಂಥ ಕರೆಯನ್ನು ನಿಜವಾಗಿಯೂ ಒಲ್ಲೆನೆನ್ನಬೇಕಾಗಿ ಬಂದಾಗ ಅಳಿಯನೇ ಅತ್ತೆಯ ಜೊತೆ ಮಾತಾಡಬೇಕು ಎನ್ನುತ್ತೇನೆ. ಮಗಳು ಹೇಳಿದರೆ ಆ ತಾಯಿ ಮಗಳನ್ನು ಗದರಿಸಿ ಸುಮ್ಮನಾಗಬಹುದು, ಆದರೆ ಅಳಿಯನ ಮನಸ್ಸು ಹೇಗಿದೆಯೋ ಎಂಬ ಅಳುಕು ಒಳಗೇ ಉಳಿಯುತ್ತದೆ. ಅವನು ‘ಅತ್ತೆ, ರಜ ಕೇಳಿದೆ, ಕೊಡಲಿಲ್ಲ. ನಮ್ಮಿಬ್ಬರ ಹೆಸರು ಹೇಳಿ ನೀವೇ ಹಣ್ಣು-ಜವನ ಎಸೀಬೇಕು. ತೇರು ಹೊರಡೋ ಹೊತ್ತಿಗೆ ನಾವು ಫೋನ್ ಮಾಡ್ತೀವಿ’ ಎಂದರೆ ಅವಳ ಕೈಗೆ ಒಂದು ಕೆಲಸ ಬಂತು. ಬರಲಿಲ್ಲವಲ್ಲ ಎಂದು ಕೊರಗುತ್ತ ನಿಲ್ಲುವ ಬದಲು ಅವರ ಪರವಾಗಿ ಒಂದು ಬಾಳೆಹಣ್ಣು ಹೆಚ್ಚಿಗೆ ಹಿಡಿದು ತೇರಿನ ಬೀದಿಗೆ ಹೊರಡುತ್ತಾಳೆ.

ಒಲ್ಲೆ ಎನ್ನುವುದನ್ನು ಅತಿ ಚೆನ್ನಾಗಿ ಬಲ್ಲವರು ಗುಂಡ್ಲುಪೇಟೆಯ ಹೂವಿನ ರೈತರು. ಓಣಂ ಹೊತ್ತಿಗೆ ಇಲ್ಲಿಯ ಚೆಂಡುಹೂವು ಗಡಿ ದಾಟಿ ಕೇರಳಕ್ಕೆ ಹೋಗುತ್ತದೆ. ಅತ್ತಂ ದಿನದಿಂದ ತಿರುವೋಣದವರೆಗಿನ ಹತ್ತು ದಿನ ಅಲ್ಲಿಯ ಅಂಗಳಗಳಲ್ಲಿ ಹೂವಿನ ರಂಗೋಲಿ. ಅದೇ ಹತ್ತು ದಿನ ಇಲ್ಲಿ ಕೊಯ್ಲಿನ ಅವಸರ. ಸುಲ್ತಾನ್ ಬತ್ತೇರಿಯ ವ್ಯಾಪಾರಿ ಗೆಳೆಯ ತಿರುವೋಣದ ಊಟಕ್ಕೆ ಕರೆದರೆ, ರೈತನಿಗೆ ಹೊಲ ಬಿಟ್ಟು ಹೋಗುವುದು ಕಷ್ಟ. ಹೋದರೂ ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ಹೊತ್ತಿಗೆ ಮುಂಚೆ ಹೊರಡದಿದ್ದರೆ ಅಲ್ಲಿಯೇ ಉಳಿಯಬೇಕು. ಗೇಟು ಹಾಕುತ್ತಾರೆ ಎಂಬ ಕಾರಣ ಎರಡೂ ಕಡೆಯವರಿಗೆ ಗೊತ್ತು, ವಿವರಣೆ ಬೇಕಿಲ್ಲ. ಆದರೂ ಒಳ್ಳೆಯ ರೈತ ಗೇಟಿನ ಹಿಂದೆ ಅಡಗಿ ಕೂರುವುದಿಲ್ಲ. ‘ನಿಮ್ಮ ಹಬ್ಬದ ಹೂವೇ ನನ್ನ ಕೈ ಕಟ್ಟಿಹಾಕಿದೆ’ ಎಂದು ಇದ್ದದ್ದನ್ನು ಹೇಳುತ್ತಾನೆ. ಬೆಳಗಿನ ಗಾಡಿಯಲ್ಲಿ ಮಾರಾಟದ ಮೂಟೆಗಳ ಜೊತೆ ಗೆಳೆಯನ ಅಂಗಳಕ್ಕೆಂದು ಬೇರೆ ಕಟ್ಟಿದ ಒಂದು ಚೀಲವಿರುತ್ತದೆ. ಅದಕ್ಕೆ ತೂಕವಿಲ್ಲ, ಚೀಟಿ ಇಲ್ಲ. ಊಟದೆಲೆಯ ಮುಂದೆ ಅವನಿಲ್ಲ, ಬಾಗಿಲಲ್ಲಿ ಅವನ ಹೂವಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಮಾತಿನ ಜಾಣ್ಮೆ ತಲುಪದ ಜಾಗವೊಂದಿದೆ. ನಮ್ಮ ಜಿಲ್ಲೆಯ ಊರುಗಳಲ್ಲಿ ಒಬ್ಬರ ಮನೆಯಲ್ಲಿ ಉಣ್ಣದಿರುವುದಕ್ಕೆ ಬಹಳ ಉದ್ದದ, ಕಹಿಯಾದ ಚರಿತ್ರೆಯಿದೆ. ದಲಿತ ಕೇರಿಯ ಸಹೋದ್ಯೋಗಿಯೊಬ್ಬ ಹಬ್ಬಕ್ಕೆ ಮನೆಗೆ ಬನ್ನಿ ಸಾರ್ ಎಂದು ಕರೆದಾಗ, ಮೇಲುಜಾತಿಯ ಗೆಳೆಯ ಎಷ್ಟೇ ನಿಜವಾದ ಕಾರಣ ಹೇಳಿದರೂ ಅದರ ಕೆಳಗೆ ಹಳೆಯ ಕಾರಣವೊಂದು ಕೇಳಿಸುತ್ತದೆ. ಮಗಳ ಜ್ವರ ನಿಜವಿರಬಹುದು. ಆದರೆ ಹೀಗೇ ಜ್ವರ, ಮೀಟಿಂಗು, ನೆಂಟರ ಹೆಸರಿನಲ್ಲಿ ನುಣುಚಿಕೊಂಡವರನ್ನು ಆ ಮನೆ ತಲೆಮಾರುಗಳಿಂದ ನೋಡಿದೆ. ಅಲ್ಲಿ ಶುಭಾಶಯ ಸಾಲದು, ಹಣ್ಣಿನ ಬುಟ್ಟಿ ಸಾಲದು. ಬುಟ್ಟಿ ಕಳಿಸಿ ತಾನು ಬಾರದಿರುವುದು ಇನ್ನಷ್ಟು ಚುಚ್ಚಲೂಬಹುದು.

ಅಂಥ ಕರೆಯನ್ನು ಒಲ್ಲೆ ಎನ್ನಲೇಬೇಕಾದರೆ ಫೋನಿನಲ್ಲೇ ದಿನ ಗೊತ್ತುಮಾಡಬೇಕು: ಹಬ್ಬದ ದಿನ ಆಗುವುದಿಲ್ಲ, ಬುಧವಾರ ಸಂಜೆ ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೇ ಬರುತ್ತೇನೆ, ಹೊಸದಾಗಿ ಏನೂ ಮಾಡಬೇಡಿ. ಮಾಂಸ ತಿನ್ನದವರಾದರೆ ಅದನ್ನೂ ಮೊದಲೇ ಹೇಳಬೇಕು, ಅನ್ನ-ಸಾರು ಸಾಕು ಎಂದು. ಬುಧವಾರ ಹೋಗಿ ಒಳಮನೆಯಲ್ಲಿ ಕೂತು, ಅವರು ಕೊಟ್ಟ ನೀರು ಕುಡಿದು, ತಟ್ಟೆ ಹಾಕಿದ ಮೇಲೆ ಉಣ್ಣಬೇಕು. ಈಗ ತಾನೇ ಆಯಿತು ಎನ್ನಬಾರದು, ಕಾಫಿಯಷ್ಟೇ ಸಾಕು ಎನ್ನಬಾರದು. ಎರಡನೆಯ ಸಲ ಬಡಿಸಲು ಬಂದಾಗ ಒಂದು ತುತ್ತಾದರೂ ಹಾಕಿಸಿಕೊಳ್ಳಬೇಕು. ಹೊರಡುವಾಗ ನಮ್ಮ ಮನೆಯ ಹಬ್ಬ ಯಾವ ದಿನ ಎಂಬುದನ್ನು ಹೇಳಿ, ಅವರನ್ನೂ ಅವರ ಮಕ್ಕಳನ್ನೂ ಹೆಸರು ಹಿಡಿದು ಕರೆದು ಬರಬೇಕು.