ಏಳು ದಿನದ ಮಾತು, ಒಂದು ಪುಟದ ಬರಹ

ಫೋನಿನ ಪುಟ್ಟ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವುದು ಎಪ್ಪತ್ತು ದಾಟಿದ ಬೆರಳುಗಳಿಗೆ ದಂಡನೆಯೇ ಸರಿ. ಅದಕ್ಕೇ ಎಷ್ಟೋ ಹಿರಿಯರು ಟೈಪ್ ಮಾಡಬೇಕಾದಾಗ ತಮ್ಮ ಇಡೀ ದಿನವನ್ನು ‘ಓಕೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ವಾಟ್ಸಾಪ್‌ಗೆ 2013ರಲ್ಲಿ ಧ್ವನಿ ಸಂದೇಶ ಬಂದ ಮೇಲೆ ಅಂಥವರ ಮಾತಿಗೆ ಮತ್ತೆ ಉಸಿರು ಬಂತು. ಮೈಕ್ ಗುಂಡಿ ಒತ್ತಿ ಹಿಡಿದರೆ ಸಾಕು, ತೋಟದ ಸುದ್ದಿ, ಮೊಣಕಾಲಿನ ನೋವು, ಪಕ್ಕದ ಮನೆಯ ಮದುವೆ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ.

ಆದರೆ ಮಾತಿಗೆ ಒಂದು ಮಿತಿಯಿದೆ. ಅದನ್ನು ಕೇಳಬೇಕೆಂದರೆ ಮೊದಲಿಂದ ಕೊನೆಯವರೆಗೆ ಕಿವಿಗೊಡಬೇಕು. ಬರಹದ ಮೇಲೆ ಹಾಗೇ ಕಣ್ಣಾಡಿಸಬಹುದು, ಮಾತಿನ ಮೇಲೆ ಕಿವಿಯಾಡಿಸಲಾಗದು. ಮಂಗಳವಾರದ ಮಾತನ್ನು ಶನಿವಾರದ ಮಾತಿನ ಪಕ್ಕದಲ್ಲಿಟ್ಟು ನೋಡುವುದಂತೂ ಸಾಧ್ಯವೇ ಇಲ್ಲ. ಅದಕ್ಕಾಗಿ ಕೆಲವು ಮನೆಗಳಲ್ಲಿ ದಿನಕ್ಕೊಂದು ಧ್ವನಿ ಸಂದೇಶ, ವಾರಕ್ಕೊಮ್ಮೆ ಅದರ ಬರಹದ ಸಾರ ಎಂಬ ಏರ್ಪಾಡು ಮಾಡಿಕೊಳ್ಳುತ್ತಾರೆ. ಹಾಗೆ ಸಾರ ತೆಗೆಯುವಾಗ ಏನನ್ನು ಬಿಡಬಹುದೆಂದು ಯಾರೋ ಒಬ್ಬರು ನಿರ್ಧರಿಸಲೇಬೇಕು. ಇನ್ನೊಬ್ಬರ ವಾರದಲ್ಲಿ ಮರೆಯಬಹುದಾದ್ದು ಯಾವುದು ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು? ನನ್ನನ್ನು ಕಾಡುವುದು ಈ ಪ್ರಶ್ನೆ.

ಒಂದು ವಾರವನ್ನು ಕಲ್ಪಿಸಿಕೊಂಡು ನೋಡೋಣ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು. ರಕ್ತದೊತ್ತಡಕ್ಕೆ ವೈದ್ಯರು ಆಮ್ಲೋಡಿಪಿನ್ ಮಾತ್ರೆ ಶುರು ಮಾಡಿ ಸ್ವಲ್ಪ ದಿನವಾಗಿದೆ. ಮಗ ಬೆಂಗಳೂರಿನಲ್ಲಿ. ರಾತ್ರಿ ಊಟವಾದ ಮೇಲೆ ಅಪ್ಪ ಒಂದು ನಿಮಿಷ ಮಾತನಾಡಿ ಕಳಿಸುತ್ತಾರೆ. ಮಗ ಕೇಳುವ ಪ್ರಶ್ನೆಗಳು ಮೂರೇ: ನಿದ್ದೆ ಹೇಗಿತ್ತು, ಮಾತ್ರೆ ಆಯಿತೇ, ಇವತ್ತು ಹೊಸದಾಗಿ ಏನಾಯಿತು. ಏಳು ದಿನಕ್ಕೆ ಏಳು ನಿಮಿಷ, ಸುಮಾರು 600–700 ಪದ. ಸಾರ ನೂರು ಪದ ಮೀರಬಾರದೆಂದು ಮಗನ ಲೆಕ್ಕ.

ಸೋಮವಾರ ಅಪ್ಪ ಕೊಳೆರೋಗದ ಔಷಧಿ ಹೊಡೆಯಲು ಆಳು ಸಿಗದ ಬಗ್ಗೆ ಹೇಳುತ್ತಾರೆ. ಮಂಗಳವಾರ, ‘ಸಂಜೆ ಚಪ್ಪಲಿ ಯಾಕೋ ಬಿಗಿ ಆಗ್ತಿತ್ತು, ಮಳೆಗೆ ನೆನೆದು ಕುಗ್ಗಿರಬೇಕು’ ಎನ್ನುತ್ತಾರೆ. ಗುರುವಾರ ನೆಂಟರ ಮನೆಗೆ ಹೋಗಿ ಬಂದ ಸುದ್ದಿ, ಜೊತೆಗೆ ‘ಬರುವಾಗ ಚಪ್ಪಲಿ ಕೈಯಲ್ಲಿ ಹಿಡಕೊಂಡೇ ಬಂದೆ’ ಎಂಬ ನಗು. ಶುಕ್ರವಾರ ಸಂದೇಶವೇ ಇಲ್ಲ. ಶನಿವಾರ, ‘ಹೊಸ ಚಪ್ಪಲಿ ತಗೊಂಡು ಬಾ, ಒಂದು ನಂಬರ್ ದೊಡ್ಡದು.’ ಉಳಿದಂತೆ ಸಂದೇಶ ಬಂದ ಪ್ರತಿದಿನವೂ ‘ನಾನು ಆರಾಮಿದ್ದೇನೆ’.

ಈ ವಾರಕ್ಕೆ ಎರಡು ಬಗೆಯ ಸಾರ ಬರೆಯಬಹುದು. ಆರೋಗ್ಯ, ಕೆಲಸ, ನೆಂಟರು ಎಂದು ಮೊದಲೇ ಕೋಣೆ ಕಟ್ಟಿಟ್ಟು ತುಂಬಿದರೆ ಹೀಗಾಗುತ್ತದೆ: ಆರೋಗ್ಯ ಚೆನ್ನಾಗಿದೆ, ತೋಟಕ್ಕೆ ಆಳಿನ ಕೊರತೆ, ಒಂದು ಜೊತೆ ಚಪ್ಪಲಿ ಬೇಕು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೂ ವಾರದ ಮುಖ್ಯ ಸಂಗತಿಯೇ ಕೈತಪ್ಪಿದೆ. ದಿನ ಹೆಸರಿಸಿ ಅವರದೇ ಮಾತು ಉಳಿಸಿದರೆ ಬೇರೆಯದೇ ಕಾಣುತ್ತದೆ: ಮಂಗಳವಾರ, ಗುರುವಾರ, ಶನಿವಾರ ಮೂರು ಸಲ ಚಪ್ಪಲಿಯ ಮಾತು; ಮೊದಲನೆಯದು ಸಂಜೆಯ ಹೊತ್ತಿನದು. ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದದ ಗಂಟು ಊದಿಕೊಳ್ಳುತ್ತದೆ, ಸಂಜೆಯಾದಂತೆ ಊತ ಹೆಚ್ಚುತ್ತದೆ. ಊತಕ್ಕೆ ಹೃದಯವೋ ಮೂತ್ರಪಿಂಡವೋ ಕಾರಣವಾಗಿರಲೂಬಹುದು. ಅದನ್ನು ಹೇಳಬೇಕಾದವರು ಕಾಲು ಒತ್ತಿ ನೋಡುವ ವೈದ್ಯರು. ಆದರೆ ವೈದ್ಯರ ಬಳಿ ಹೋಗಬೇಕೆಂದು ಹೇಳಲು ಆ ಮೂರು ಸಾಲು ಸಾಕು. ‘ಊತ’ ಎಂಬ ಪದ ಅಪ್ಪನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಆಡುವವರಿಗೆ ತಮ್ಮ ಮಾತಿನ ಪುನರಾವರ್ತನೆ ಕೇಳಿಸುವುದಿಲ್ಲ. ಪ್ರತಿ ದಿನಕ್ಕೂ ಅದರದೇ ಕಾರಣ ಇರುತ್ತದೆ: ಇವತ್ತು ಮಳೆ, ನಾಳೆ ದೂರದ ನಡಿಗೆ. ಏಳು ದಿನವನ್ನು ಒಟ್ಟಿಗೆ ಇಟ್ಟಾಗ ಮಾತ್ರ ಕಾರಣಗಳು ಬೇರೆ, ಸಂಗತಿ ಒಂದೇ ಎಂದು ತಿಳಿಯುತ್ತದೆ. ಬರಹದ ಸಾರಕ್ಕೆ ನಿಜವಾದ ಬೆಲೆ ಇರುವುದು ಇಲ್ಲಿ. ಸುದ್ದಿಯನ್ನು ಚಿಕ್ಕದು ಮಾಡಿದ್ದಕ್ಕಿಂತ, ಒಂದೊಂದು ದಿನದೊಳಗೆ ಕುಳಿತವರಿಗೆ ಕಾಣದ ವಾರವನ್ನು ಅದು ಕಾಣಿಸಿತು.

ಮಾತನ್ನು ಅಕ್ಷರಕ್ಕಿಳಿಸುವ ಕೆಲಸವನ್ನು ಈಗ ಯಂತ್ರಗಳೂ ಮಾಡುತ್ತವೆ. 2022ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ವಿಸ್ಪರ್ ಎಂಬ ತಂತ್ರಾಂಶ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳಿ ಬರೆಯುತ್ತದೆ. ಮಾತಿನ ನಡುವೆ ದೀರ್ಘ ಮೌನ ಬಂದರೆ ಅದು ಯಾರೂ ಆಡದ ಸಾಲನ್ನು ಸೇರಿಸಿಬಿಡುವುದುಂಟು, ಒಂದೇ ಪದವನ್ನು ಸಾಲುಗಟ್ಟಿ ಬರೆಯುವುದೂ ಉಂಟು. ಅದು ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ ತಪ್ಪು ನಮ್ಮ ಭಾಷೆಯ ನಡೆಯಲ್ಲೇ ಅಡಗಿದೆ. ಕನ್ನಡದಲ್ಲಿ ‘ಇಲ್ಲ’ ಬರುವುದು ಮಾತಿನ ಬಾಲದಲ್ಲಿ. ‘ಮಾತ್ರೆ ತಗೊಂಡಿದೀನಿ’, ‘ಮಾತ್ರೆ ತಗೊಂಡಿಲ್ಲ’ ಎರಡೂ ಹೊರಡುವುದು ಒಂದೇ ದಾರಿಯಲ್ಲಿ. ಸುಸ್ತಾದವರು ನುಂಗಿಕೊಳ್ಳುವುದು ಆ ಕೊನೆಯನ್ನೇ. ಹಾಗಾಗಿ ಮಾತ್ರೆ, ಅಳತೆ, ನೋವಿನ ವಿಷಯ ಬಂದ ಸಾಲುಗಳನ್ನಾದರೂ ಬರಹ ನಂಬದೆ ಮೂಲ ಧ್ವನಿಯಲ್ಲಿ ಮತ್ತೆ ಕೇಳಬೇಕು. ‘ನಿನ್ನೆ ರಾತ್ರಿ’ ಎಂಬಂಥ ಮಾತನ್ನು ಅದು ಸೇರಬೇಕಾದ ದಿನಕ್ಕೆ ಸೇರಿಸಬೇಕು. ಬುಧವಾರದ ಸಂದೇಶದಲ್ಲಿ ಬಂದ ‘ನಿನ್ನೆ’ ಮಂಗಳವಾರದ ಸಂಗತಿ.

ಇನ್ನು ಶುಕ್ರವಾರದ ಮೌನ. ಸಾರ ಬರೆಯುವವರ ಕೈ ಖಾಲಿ ಜಾಗವನ್ನು ಹೊಲಿದು ಮುಚ್ಚಲು ತವಕಿಸುತ್ತದೆ. ಆರು ದಿನದ ‘ಆರಾಮ’ ಏಳು ದಿನದ ಆರಾಮವಾಗಿ ಬಿಡುತ್ತದೆ. ಮೌನಕ್ಕೆ ಕರೆಂಟು ಹೋದದ್ದು ಕಾರಣವಿರಬಹುದು, ಮಾತನಾಡಲು ಮನಸ್ಸಿಲ್ಲದ್ದೂ ಕಾರಣವಿರಬಹುದು. ‘ಶುಕ್ರವಾರ ಸಂದೇಶವಿಲ್ಲ’ ಎಂದು ಬರೆದು ಅಲ್ಲಿಗೇ ನಿಲ್ಲುವುದು ಪ್ರಾಮಾಣಿಕತೆ. ದನಿಯ ವಿಷಯದಲ್ಲೂ ಇದೇ ಸಂಯಮ ಬೇಕು. ‘ಬೇಸರದಲ್ಲಿದ್ದರು’ ಎಂದು ಬರೆದರೆ ಅದು ನಮ್ಮ ತೀರ್ಪು, ಅವರ ಮಾತಲ್ಲ. ದನಿ ಭಾರವಾಗಿತ್ತು ಎನಿಸಿದರೆ ‘ಗುರುವಾರದ್ದನ್ನು ನೀವೇ ಕೇಳಿ’ ಎಂದು ಮೂಲದತ್ತ ಕೈ ತೋರಿಸಬೇಕು. ಬರಹಕ್ಕೆ ತಲುಪದ ಜಾಗವಿದೆ ಎಂದು ಬರಹವೇ ಒಪ್ಪಿಕೊಳ್ಳಬೇಕು.

ಮರೆಯುವ ಅಧಿಕಾರದ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಷ್ಟು. ಸಾರ ಮೊದಲು ತಲುಪಬೇಕಾದದ್ದು ಮಾತನಾಡಿದವರಿಗೆ. ಟೈಪ್ ಮಾಡಲು ಕಷ್ಟಪಡುವವರಿಗೆ ಓದುವುದೂ ಕಷ್ಟವಿರಬಹುದು. ಆದ್ದರಿಂದ ಭಾನುವಾರ ಮಗ ಫೋನ್ ಮಾಡಿ ಆ ನೂರು ಪದವನ್ನು ಅಪ್ಪನಿಗೆ ಓದಿ ಹೇಳಬೇಕು. ‘ಅದು ಡಾಕ್ಟರಿಗೆ ಬೇಡ’, ‘ನಾ ಹಾಗೆ ಹೇಳಿದ್ದಲ್ಲ’ ಎಂದು ಹೊಡೆದು ಹಾಕುವ ಹಕ್ಕು ಅವರದು. ಅವರು ಒಪ್ಪಿದ ಮೇಲೆಯೇ ಅದು ತಂಗಿಗೋ ವೈದ್ಯರಿಗೋ ಹೋಗಬೇಕು. ಹಾಗೆ ಓದಿ ಹೇಳುವಾಗ ಮಗ ಕೇಳಬೇಕಾದ್ದು ಒಂದೇ: ‘ಅಪ್ಪ, ಚಪ್ಪಲಿ ಬಿಚ್ಚಿದ ಮೇಲೆ ಪಟ್ಟಿಯ ಗುರುತು ಕಾಲ ಮೇಲೆ ಉಳಿಯುತ್ತಾ?’ ವೈದ್ಯರ ಭೇಟಿಯನ್ನು ಅದಕ್ಕಾಗಿ ಮುಂದೆ ಹಾಕಬೇಕಿಲ್ಲ. ಆದರೆ ಮುಂದಿನ ವಾರದ ಮೂರನೆಯ ಪ್ರಶ್ನೆ ಅದೇ ಆಗಬೇಕು. ಒಂದು ವಾರದ ಮಾತನ್ನು ನಿಜವಾಗಿ ಕೇಳಿಸಿಕೊಂಡಿದ್ದೇವೆ ಎಂಬುದಕ್ಕೆ, ಮುಂದಿನ ವಾರ ನಾವು ಕೇಳುವ ಪ್ರಶ್ನೆ ಬದಲಾಗಿರುವುದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.