ಕಾಗದ ಯಾರ ಪೆಟ್ಟಿಗೆಯಲ್ಲಿತ್ತು?

ಸ್ಪರ್ಧೆಗೆ ಬಂದ ಕಥೆಗಳನ್ನು ಓದಲು ಕೂತಾಗಲೆಲ್ಲ ನನಗೆ ಒಂದು ಅಟ್ಟ ಎದುರಾಗುತ್ತದೆ. ಹಳೇ ಮನೆ, ಅಟ್ಟದ ಮೇಲೆ ಟ್ರಂಕು, ಟ್ರಂಕಿನೊಳಗೆ ಕಾಗದ. ಅಜ್ಜಿಗೆ ಡಾಕ್ಟರಾಗುವ ಆಸೆಯಿತ್ತು, ಇಲ್ಲವೇ ಹಾಡುಗಾರ್ತಿಯಾಗುವ ಆಸೆಯಿತ್ತು ಎಂಬುದು ಮೊಮ್ಮಗಳಿಗೆ ಆಗ ತಿಳಿಯುತ್ತದೆ. ಅವಳ ಕಣ್ಣು ತುಂಬುತ್ತದೆ, ಕಥೆ ಮುಗಿಯುತ್ತದೆ. ಓದಿದ ನನಗೆ ಒಂದು ಸುದ್ದಿ ಸಿಕ್ಕಿರುತ್ತದೆ. ಕಥೆ ಮಾತ್ರ ಎಲ್ಲೂ ತಿರುಗಿರುವುದಿಲ್ಲ.

ಬಹಳಷ್ಟು ಕಥೆಗಾರರು ಒಂದು ಸಣ್ಣ ವಿಷಯ ಮರೆತಿರುತ್ತಾರೆ. ಬರೆದ ಕಾಗದ ಬರೆದವರ ಮನೆಯಲ್ಲಿ ಉಳಿಯುವುದಿಲ್ಲ. ಅಜ್ಜಿ ಗೆಳತಿಗೆ ಬರೆದದ್ದಾದರೆ ಅದು ಗೆಳತಿಯ ಅಟ್ಟದಲ್ಲಿರಬೇಕು. ಅಜ್ಜಿಯ ಅಟ್ಟದಲ್ಲಿ ಸಿಗುವುದು ಎರಡೇ ಬಗೆ: ಅವಳಿಗೆ ಬಂದದ್ದು, ಇಲ್ಲವೇ ಬರೆದೂ ಅಂಚೆಗೆ ಹಾಕದೆ ಉಳಿದದ್ದು. ಅಂಚೆಗೆ ಹಾಕದ ಕಾಗದವಾದರೆ ಅವಳ ಕೈ ಯಾಕೆ ಹಿಂಜರಿಯಿತು ಎಂದು ಕೇಳಬೇಕಾಗುತ್ತದೆ. ಬಂದ ಕಾಗದವಾದರೆ ಹೊರಗಿನವರು ಯಾರೋ ‘ಬಾ’ ಎಂದಿದ್ದರು. ಅವಳು ಯಾಕೆ ಹೋಗಲಿಲ್ಲ ಎಂದು ಕೇಳಬೇಕಾಗುತ್ತದೆ.

ಬಂದ ಕಾಗದವನ್ನೇ ಹಿಡಿದು ಒಂದು ಕಥೆ ಕಟ್ಟಿ ನೋಡೋಣ. ಮಲೆನಾಡಿನ ಒಂದು ಮನೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಅಟ್ಟ ಖಾಲಿ ಮಾಡುತ್ತಿದ್ದಾರೆ. ಮೊಮ್ಮಗಳ ಕೈಗೆ 1961ರ ಒಂದು ಲಕೋಟೆ ಸಿಗುತ್ತದೆ. ಬೆಂಗಳೂರಿನ ಆಕಾಶವಾಣಿಯಿಂದ ಬಂದದ್ದು, ಅಜ್ಜಿಯ ಹೆಸರಿಗೆ. ಒಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕೇ ಸಾಲು: ಇಂಥ ದಿನ ಧ್ವನಿ ಪರೀಕ್ಷೆಗೆ ಬರುವುದು. ಅಜ್ಜಿಗೆ ಇಂಗ್ಲಿಷು ಬಾರದು. ಅಂದಮೇಲೆ ಯಾರೋ ಓದಿ ಹೇಳಿರಬೇಕು. ಲಕೋಟೆ ಸಿಕ್ಕಿದ್ದಾದರೂ ಅಜ್ಜಿಯ ಸೀರೆಗಳ ನಡುವೆ ಅಲ್ಲ, ತೀರಿಹೋದ ಅಜ್ಜನ ಪೆಟ್ಟಿಗೆಯಲ್ಲಿ, ಕಂದಾಯದ ರಸೀದಿಗಳ ಕೆಳಗೆ. ಅಜ್ಜಿ ಮಾತ್ರ ಇವತ್ತಿಗೂ, ‘ಬರೆದು ಹಾಕಿದ್ದೆ ಮಗಾ, ಅವರು ಬೇಡ ಅಂದರು’ ಎನ್ನುತ್ತಾಳೆ.

ಕಥೆ ತಿರುಗಿದ್ದು ಇಲ್ಲಿ. ಅಜ್ಜಿಗೆ ಹಾಡುವ ಆಸೆಯಿತ್ತು ಎಂಬುದು ಗುಟ್ಟೇ ಆಗಿರಲಿಲ್ಲ, ಮನೆಯವರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲದ್ದು, ಆಕಾಶವಾಣಿಯವರು ಅವಳನ್ನು ಬೇಡ ಅಂದಿರಲೇ ಇಲ್ಲ ಎಂಬುದು. ಅರವತ್ತು ವರ್ಷ ತನ್ನ ಕಂಠವೇ ಸಾಲದೆಂದು ನಂಬಿಕೊಂಡು ಬದುಕಿದವಳಿಗೆ ಈಗ ನಿಜ ಹೇಳುವುದೇ? ಹೇಳಿದರೆ ಕಂಠದ ಮಾನ ಉಳಿಯುತ್ತದೆ, ಗಂಡನ ಮೇಲಿನ ನಂಬಿಕೆ ಹೋಗುತ್ತದೆ. ಕಾಗದ ಹಳೆಯದು, ಅದು ತಂದಿಟ್ಟ ಇಕ್ಕಟ್ಟು ಇವತ್ತಿನದು. ಮೊಮ್ಮಗಳು ಅಟ್ಟ ಇಳಿಯುವ ಮೊದಲು ಒಂದು ತೀರ್ಮಾನಕ್ಕೆ ಬರಲೇಬೇಕು.

ಈ ತಿರುವನ್ನು ಓದುಗರು ಒಪ್ಪಬೇಕಾದರೆ ಮೊದಲೇ ಒಂದು ಬೀಜ ಬಿದ್ದಿರಬೇಕು. ರೇಡಿಯೊದಲ್ಲಿ ಹಾಡು ಶುರುವಾದೊಡನೆ ಅಜ್ಜಿ ಎದ್ದು ಕೊಟ್ಟಿಗೆಗೆ ಹೋಗುತ್ತಾಳೆ ಎಂದು ಆರಂಭದಲ್ಲೇ ಒಂದು ಸಾಲು ಬರಲಿ. ಮನೆಯವರು ‘ಅವಳಿಗೆ ಗದ್ದಲ ಆಗದು’ ಎಂದುಕೊಂಡಿರಲಿ, ಓದುಗರೂ ಹಾಗೇ ಅಂದುಕೊಳ್ಳಲಿ. ಲಕೋಟೆ ಸಿಕ್ಕ ಮೇಲೆ ಅದೇ ಕೊಟ್ಟಿಗೆಯ ದಾರಿಗೆ ಬೇರೆಯೇ ಅರ್ಥ ಬರುತ್ತದೆ.

ಕಾಗದ ಸುಳ್ಳಾಡದಂತೆಯೂ ನೋಡಿಕೊಳ್ಳಬೇಕು. 1961ರ ಲಕೋಟೆಯ ಮೇಲೆ ಪಿನ್‌ಕೋಡ್ ಕಂಡರೆ ಕಥೆ ಅಲ್ಲೇ ಬಿತ್ತು. ಅದು ಬಂದದ್ದು 1972ರ ಆಗಸ್ಟ್‌ನಲ್ಲಿ. ವಿಳಾಸದಲ್ಲಿ ‘ಕರ್ನಾಟಕ’ ಎಂದೂ ಇರಕೂಡದು. 1973ರ ನವೆಂಬರ್ ತನಕ ನಮ್ಮದು ಮೈಸೂರು ರಾಜ್ಯ. ಅಂಚೆಚೀಟಿಯ ಮೇಲಿನ ಬೆಲೆ ಆಣೆಯಲ್ಲಿದ್ದರೆ ಅನುಮಾನ ಬರುತ್ತದೆ; 1957ರಲ್ಲೇ ನಯಾಪೈಸೆ ಬಂದಿತ್ತು. ಇವನ್ನೆಲ್ಲ ಕಥೆಯಲ್ಲಿ ವಿವರಿಸಬೇಕಿಲ್ಲ, ತಪ್ಪದಿದ್ದರೆ ಸಾಕು.

ಇನ್ನೊಂದು ಎಚ್ಚರ: ಕಾಗದದ ಬಾಯಲ್ಲಿ ಇಡೀ ಕಥೆ ಹೇಳಿಸಬಾರದು. ಬರೆದವರಿಗೂ ಓದುವವರಿಗೂ ಗೊತ್ತಿರುವುದನ್ನು ಯಾರೂ ಕಾಗದದಲ್ಲಿ ವಿವರಿಸುವುದಿಲ್ಲ. ಅಜ್ಜ ತಪ್ಪೊಪ್ಪಿಕೊಂಡು ಬರೆದ ಎಂಟು ಪುಟ ಸಿಕ್ಕಿದರೆ ಮೊಮ್ಮಗಳಿಗೆ ಮಾಡಲು ಕೆಲಸವೇ ಉಳಿಯದು. ನಾಲ್ಕು ಸಾಲಿನ ಸರ್ಕಾರಿ ಕಾಗದ ಮುಖ್ಯವಾದದ್ದನ್ನೇ ಹೇಳುವುದಿಲ್ಲ. ಅಜ್ಜ ಅದನ್ನು ಬಚ್ಚಿಟ್ಟನೇಕೆ, ಒಲೆಗೆ ಹಾಕದೆ ಇಷ್ಟು ಕಾಲ ಉಳಿಸಿಕೊಂಡನೇಕೆ ಎಂಬುದನ್ನು ಅವಳೇ ಯೋಚಿಸಬೇಕು, ಅವಳ ಜೊತೆ ನಾವೂ.

ಹಾಗಾಗಿ ಅಟ್ಟದ ಕಥೆ ಬರೆಯಲು ಕೂತವರಿಗೆ ನನ್ನದೊಂದೇ ಮಾತು. ಕಾಗದದಲ್ಲಿ ಏನಿದೆ ಎಂಬುದನ್ನು ಆಮೇಲೆ ಬರೆಯಿರಿ. ಅದು ಯಾರ ಪೆಟ್ಟಿಗೆಯಲ್ಲಿತ್ತು ಎಂಬುದನ್ನು ಮೊದಲು ತೀರ್ಮಾನಿಸಿ.